ಪೇಜ್ ನೋಡಿದ್ರು, 'ಚೆನ್ನಾಗಿದೆ' ಅಂದ್ರು, ಹೋಗೇಬಿಟ್ರು: ಸ್ಟಾರ್ಟಪ್ ಕಾಪಿ ಎಲ್ಲಿ ಕೈಕೊಡ್ತಿದೆ ಅಂತ ಹುಡುಕೋ ಕೈಪಿಡಿ

ಸಾಫ್ಟ್‌ವೇರ್ ಕಂಪನಿಯ ಹೋಮ್‌ಪೇಜಲ್ಲಿ ಬರೆದಿರೋ ಮಾತು, ಅಂದ್ರೆ ಕಾಪಿ, ಸಣ್ಣ ವ್ಯಾಪಾರ ನಡೆಸೋರಿಗೆ ಅರ್ಥ ಆಗ್ತಿಲ್ಲ ಅಂತ ಗೊತ್ತಾದಾಗ ಎಲ್ಲರೂ ಮೊದಲು ಮಾಡೋದು ಒಂದೇ ಕೆಲಸ, ಕಷ್ಟದ ಪದ ಕಿತ್ತು ಸುಲಭದ ಪದ ಕೂರಿಸೋದು. ಕೂರಿಸಿದ ಮೇಲೂ ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ. ಯಾಕಂದ್ರೆ ಬಹಳ ಸಲ ತೊಂದರೆ ಪದದ್ದಲ್ಲ. ಆ ವಾಕ್ಯದಲ್ಲಿ ಯಾರು, ಯಾವಾಗ, ಏನು ಮಾಡ್ತಾರೆ ಅನ್ನೋದೇ ಇರಲ್ಲ, ಬರೀ ಹೆಸರುಗಳ ಸಾಲು ಇರುತ್ತೆ. ಖಾಲಿ ವಾಕ್ಯವನ್ನ ಸರಳ ಮಾಡಿದ್ರೆ ಸರಳವಾದ ಖಾಲಿ ವಾಕ್ಯ ಸಿಗುತ್ತೆ ಅಷ್ಟೇ.

ಹಾಗಾಗಿ ಇಲ್ಲಿ ಪದಪಟ್ಟಿ ಕೊಡ್ತಿಲ್ಲ. ಕಾಣೋ ಲಕ್ಷಣದಿಂದ ಶುರು ಮಾಡಿ ಒಳಗಿನ ದೋಷಕ್ಕೆ ಹೋಗೋಣ, ಖರ್ಚಿಲ್ಲದ ಚೆಕ್ ಮೊದಲು, ತಲೆನೋವಿನದು ಆಮೇಲೆ. ಉದ್ದಕ್ಕೂ ಒಂದೇ ಉದಾಹರಣೆ ಇಟ್ಕೊಳ್ತೀನಿ. ಬಿಲ್ ಕೊಟ್ಟ ಮೇಲೆ ದುಡ್ಡು ಕೊಡದೆ ಎಳೆದಾಡೋ ಗಿರಾಕಿಗಳಿಗೆ ತಾನಾಗೇ ನೆನಪಿನ ಮೆಸೇಜ್ ಕಳಿಸೋ ಒಂದು ಸಾಫ್ಟ್‌ವೇರ್ ಅಂದ್ಕೊಳ್ಳಿ. ಉದಾಹರಣೆಗಂತ ಮಾಡ್ಕೊಂಡಿದ್ದು, ಆದ್ರೆ ಇಂಥ ಪೇಜ್ ನೀವು ಎಲ್ಲಾದ್ರೂ ನೋಡೇ ಇರ್ತೀರ:

> ನೆಕ್ಸ್ಟ್-ಜೆನ್ ರಿಸೀವಬಲ್ಸ್ ಆಟೊಮೇಷನ್ ಪ್ಲಾಟ್‌ಫಾರ್ಮ್
> ಮಾಡರ್ನ್ ಬಿಸಿನೆಸ್‌ಗಳಿಗಾಗಿ ಎಂಡ್-ಟು-ಎಂಡ್ ಕ್ಯಾಶ್ ಫ್ಲೋ ವಿಸಿಬಿಲಿಟಿ ನೀಡುವ ಸೀಮ್‌ಲೆಸ್, ಸ್ಕೇಲಬಲ್, ಕ್ಲೌಡ್-ನೇಟಿವ್ ಸಲ್ಯೂಷನ್
> ರಿಯಲ್-ಟೈಮ್ ಏಜಿಂಗ್ ಡ್ಯಾಶ್‌ಬೋರ್ಡ್ | ಮಲ್ಟಿ-ಚಾನೆಲ್ ಡನಿಂಗ್ ವರ್ಕ್‌ಫ್ಲೋ | ಬ್ಯಾಂಕ್-ಗ್ರೇಡ್ ಸೆಕ್ಯೂರಿಟಿ
> [ರಿಕ್ವೆಸ್ಟ್ ಡೆಮೊ]

## ಏನೂ ಮುಟ್ಟೋ ಮುಂಚೆ: ಐದು ಸೆಕೆಂಡ್ ಚೆಕ್

ಇದಕ್ಕೆ ದುಡ್ಡು ಬೇಡ, ಟೂಲ್ ಬೇಡ. ಸ್ವಂತ ವ್ಯಾಪಾರ ಇರೋ, ಸಾಫ್ಟ್‌ವೇರ್ ಕೆಲಸ ಮಾಡದ ಐದು ಜನರನ್ನ ಹಿಡೀರಿ. ನಿಮ್ಮ ಆಫೀಸಿನವರು ಬೇಡ, ನಿಮ್ಮ ಇನ್ವೆಸ್ಟರ್ ಅಂತೂ ಬೇಡವೇ ಬೇಡ. ಪೇಜಿನ ಮೇಲ್ಭಾಗ ಮಾತ್ರ, ಅಂದ್ರೆ ಸ್ಕ್ರಾಲ್ ಮಾಡದೆ ಮೊಬೈಲಲ್ಲಿ ಎಷ್ಟು ಕಾಣುತ್ತೋ ಅಷ್ಟನ್ನ, ಐದು ಸೆಕೆಂಡ್ ತೋರಿಸಿ ಫೋನ್ ತಿರುಗಿಸಿಬಿಡಿ.

ಆಮೇಲೆ ಕೇಳೋ ಪ್ರಶ್ನೆ ಮುಖ್ಯ. 'ಅರ್ಥ ಆಯ್ತಾ?' ಅಂತ ಕೇಳ್ಬೇಡಿ, ಆಯ್ತು ಅಂತಾನೇ ಅಂತಾರೆ, ಅದು ಮರ್ಯಾದೆ. 'ಚೆನ್ನಾಗಿದ್ಯಾ?' ಅಂತಾನೂ ಬೇಡ, ಬಣ್ಣ ಚೆನ್ನಾಗಿದೆ ಅಂತಾರೆ. 'ನಿಮ್ಮ ವ್ಯಾಪಾರದ ಪಾರ್ಟ್ನರ್‌ಗೆ ಇದೇನು ಅಂತ ಹೇಳ್ಬೇಕಾದ್ರೆ ಹೇಗೆ ಹೇಳ್ತೀರ?' ಅಂತ ಕೇಳಿ, ಸುಮ್ಮನಿರಿ. ಮಧ್ಯ ಬಾಯಿ ಹಾಕಿ 'ಅಂದ್ರೆ ಏನಂದ್ರೆ' ಅಂತ ನೀವೇ ವಿವರಿಸೋಕೆ ಹೋದ್ರೆ ಚೆಕ್ ಕೆಟ್ಟೋಯ್ತು, ಪೇಜ್ ಜೊತೆ ನೀವು ಎಲ್ಲರ ಮನೆಗೂ ಹೋಗಲ್ವಲ್ಲ.

ಅವರು ಹೇಳಿದ್ದನ್ನ ಹಾಗ್ಹಾಗೇ ಬರ್ಕೊಳ್ಳಿ, ತಿದ್ದದೆ. ಆ ಸಾಲುಗಳು ಎರಡು ಕೆಲಸಕ್ಕೆ ಬರುತ್ತೆ. ಒಂದು, ಕೆಳಗಿನ ಯಾವ ಲಕ್ಷಣ ನಿಮ್ಮದು ಅಂತ ಗೊತ್ತಾಗುತ್ತೆ. ಎರಡು, ಒಬ್ಬರಾದ್ರೂ ನಿಮಗಿಂತ ಒಳ್ಳೆ ಹೆಡ್‌ಲೈನ್ ಬಾಯಲ್ಲೇ ಹೇಳಿರ್ತಾರೆ.

## ಲಕ್ಷಣ 1: 'ಅಕೌಂಟಿಂಗ್ ಏನೋ ಇರ್ಬೇಕು' ಅಂತಾರೆ

ಅಂದ್ರೆ ಊಹೆ ಮಾಡ್ತಿದ್ದಾರೆ. ಒಬ್ಬರು ಅಕೌಂಟಿಂಗ್ ಅಂತಾರೆ, ಇನ್ನೊಬ್ಬರು ಸಾಲ ಕೊಡೋ ಕಂಪನಿ ಅಂತಾರೆ, ಮೂರನೆಯವರು 'ಕ್ಲೌಡ್‌ದು' ಅಂತ ಸುಮ್ಮನಾಗ್ತಾರೆ. ಐದು ಜನ ಐದು ಥರ ಹೇಳಿದ್ರೆ ದೋಷ ಹೆಡ್‌ಲೈನ್‌ದು, ಕೆಳಗಿನ ಬಾಕ್ಸ್‌ಗಳನ್ನ ಈಗ ಮುಟ್ಟೋಕೆ ಹೋಗ್ಬೇಡಿ.

ಚೆಕ್ ಹೀಗೆ. ಹೆಡ್‌ಲೈನಲ್ಲಿ ಕ್ರಿಯಾಪದ ಇದ್ಯಾ ನೋಡಿ. ನಮ್ಮ ಉದಾಹರಣೆಯಲ್ಲಿ ಇಲ್ಲ. 'ನೆಕ್ಸ್ಟ್-ಜೆನ್ ರಿಸೀವಬಲ್ಸ್ ಆಟೊಮೇಷನ್ ಪ್ಲಾಟ್‌ಫಾರ್ಮ್' ಅನ್ನೋದು ನಾಲ್ಕು ಹೆಸರು ಒಂದರ ಹಿಂದೆ ಒಂದು ನಿಂತಿರೋದು, ಯಾರೂ ಏನೂ ಮಾಡ್ತಿಲ್ಲ. ಇನ್ನೊಂದು ಚೆಕ್, ನಿಮ್ಮ ಕಂಪನಿ ಹೆಸರು ತೆಗೆದು ಪೂರ್ತಿ ಬೇರೆ ಥರದ ಸಾಫ್ಟ್‌ವೇರ್ ಕಂಪನಿ ಹೆಸರು ಹಾಕಿ ಕೆಳಗಿನ ಸಾಲು ಓದಿ. 'ಸೀಮ್‌ಲೆಸ್, ಸ್ಕೇಲಬಲ್, ಕ್ಲೌಡ್-ನೇಟಿವ್ ಸಲ್ಯೂಷನ್' ಅನ್ನೋದು ಆಸ್ಪತ್ರೆ ಸಾಫ್ಟ್‌ವೇರ್‌ಗೂ ಕೂರುತ್ತೆ, ಟ್ರಕ್ ಟ್ರ್ಯಾಕಿಂಗ್‌ಗೂ ಕೂರುತ್ತೆ. ಎಲ್ಲದಕ್ಕೂ ಕೂರೋ ಮಾತು ನಿಮ್ಮ ಬಗ್ಗೆ ಏನೂ ಹೇಳ್ತಿಲ್ಲ ಅಂತಾನೇ ಅರ್ಥ.

ಈಗ ಎಲ್ಲರೂ ಮಾಡೋ ರಿಪೇರಿ ನೋಡಿ:

> ಹೊಸ ತಲೆಮಾರಿನ ಬಾಕಿ ನಿರ್ವಹಣಾ ವೇದಿಕೆ

ಪದ ಎಲ್ಲ ಬದಲಾಯ್ತು, ಗೊತ್ತಾಗೋದು ಮಾತ್ರ ಮೊದಲಿನಷ್ಟೇ. ಬದಲಿಗೆ ಪಕ್ಕದಲ್ಲಿ ಒಂದು ಪೇಪರ್ ಇಟ್ಕೊಂಡು ನಾಲ್ಕು ಪ್ರಶ್ನೆಗೆ ಉತ್ತರ ಬರೀರಿ, ಚೆಂದ ಕಾಣೋ ಯೋಚನೆ ಇಲ್ಲದೆ. ಯಾರು ಮಾಡ್ತಾರೆ? ಯಾರಿಗೆ? ಏನು ಮಾಡ್ತಾರೆ? ಯಾವಾಗ? ನಮ್ಮದರಲ್ಲಿ: ಸಾಫ್ಟ್‌ವೇರ್ ಮಾಡುತ್ತೆ, ಬಾಕಿ ಇಟ್ಟ ಗಿರಾಕಿಗೆ, ನೆನಪಿನ ಮೆಸೇಜ್ ಕಳಿಸುತ್ತೆ, ದುಡ್ಡು ಕೊಡಬೇಕಾದ ದಿನ ದಾಟಿದ ಮೇಲೆ. ಹೆಡ್‌ಲೈನ್ ಇದರೊಳಗೇ ಇದೆ:

> ಬಾಕಿ ಇಟ್ಟ ಗಿರಾಕಿಗಳಿಗೆ ನೆನಪು ಮಾಡೋ ಕೆಲಸ ನಮಗೆ ಬಿಡಿ
> ನೀವು ಬಿಲ್ ಕಳಿಸಿ. ಕೊಡಬೇಕಾದ ದಿನ ದಾಟಿದ್ರೆ ನಿಮ್ಮ ಹೆಸರಲ್ಲೇ ಗಿರಾಕಿಗೆ ಮೆಸೇಜ್ ತಾನಾಗೇ ಹೋಗುತ್ತೆ.

ಈ ನಾಲ್ಕು ಪ್ರಶ್ನೆಯಲ್ಲಿ ಯಾವುದಕ್ಕಾದ್ರೂ ಟೀಮಲ್ಲಿ ಇಬ್ಬರು ಎರಡು ಉತ್ತರ ಕೊಟ್ರೆ ಅಲ್ಲೇ ನಿಲ್ಲಿಸಿ. ಅದು ಕಾಪಿ ಬರೆಯೋರು ಸರಿ ಮಾಡೋ ದೋಷ ಅಲ್ಲ. ಪ್ರಾಡಕ್ಟ್ ಯಾರಿಗೆ ಅನ್ನೋದೇ ತೀರ್ಮಾನ ಆಗಿಲ್ಲ, ಫೌಂಡರ್‌ಗಳು ಕೂತು ಮಾತಾಡಿ ಮುಗಿಸ್ಬೇಕು. ಅಲ್ಲಿತನಕ ಹೆಡ್‌ಲೈನ್ ಎಷ್ಟು ಸಲ ಬರೆದ್ರೂ ಪ್ರತಿ ಮೀಟಿಂಗಲ್ಲೂ ಬದಲಾಗ್ತಾನೇ ಇರುತ್ತೆ.

ಹೊಗಳಿಕೆ ಪದಗಳನ್ನ ತೆಗೆದ್ರೆ ಪೇಜ್ ಸಪ್ಪೆ ಆಗುತ್ತೆ ಅಂತ ಮಾರ್ಕೆಟಿಂಗ್‌ನವರು ಹೆದರ್ತಾರೆ. 1997ರಲ್ಲಿ ಜಾನ್ ಮೋರ್ಕ್ಸ್ ಮತ್ತು ಜೇಕಬ್ ನೀಲ್ಸನ್ ಅನ್ನೋ ಇಬ್ಬರು ವೆಬ್ ಸಂಶೋಧಕರು ಇದನ್ನೇ ಅಳೆದು ನೋಡಿದ್ರು, ಒಂದೇ ವಿಷಯದ ಒಂದು ವೆಬ್‌ಸೈಟನ್ನ ಐದು ಥರ ಬರೆಸಿ ಜನರಿಗೆ ಕೊಟ್ಟು. ಹೊಗಳಿಕೆ ತೆಗೆದು ಅದೇ ಮಾಹಿತಿಯನ್ನ ನೇರವಾಗಿ ಹೇಳಿದ ಆವೃತ್ತಿ, ಬಳಸೋಕೆ ಎಷ್ಟು ಸುಲಭ ಅನ್ನೋ ಅಳತೆಯಲ್ಲಿ, ಹೊಗಳಿಕೆ ಇದ್ದ ಆವೃತ್ತಿಗಿಂತ 27% ಮೇಲೆ ಬಂತು. ಜೊತೆಗೆ ಚಿಕ್ಕದಾಗಿಸಿ, ಕಣ್ಣಾಡಿಸಿ ಓದೋ ಹಾಗೆ ಜೋಡಿಸಿದ್ದು 124% ಮೇಲೆ ಬಂತು. ಜನ ಹೊಗಳಿಕೆಯನ್ನ ಓದ್ತಾ ಓದ್ತಾ ಮನಸ್ಸಲ್ಲೇ ಸೋಸ್ಕೊಂಡು ಹೋಗ್ಬೇಕು, ಅದೂ ಒಂದು ಕೆಲಸ ತಾನೇ.

## ಲಕ್ಷಣ 2: 'ಗೊತ್ತಾಯ್ತು, ಆದ್ರೆ ನನಗ್ಯಾಕೆ ಇದು?'

ಇದು ಮೊದಲನೇದಕ್ಕಿಂತ ಒಳ್ಳೆ ಲಕ್ಷಣ. ಏನು ಅಂತ ಗೊತ್ತಾಗಿದೆ, ಉಪಯೋಗ ಕಂಡಿಲ್ಲ. ಹೆಚ್ಚಾಗಿ ದೋಷ ಕೆಳಗಿನ ಮೂರು ಬಾಕ್ಸಲ್ಲಿ ಇರುತ್ತೆ, ಅಲ್ಲಿ ಸಾಫ್ಟ್‌ವೇರ್ ಒಳಗೆ ಏನಿದೆ ಅನ್ನೋದರ ಪಟ್ಟಿ ಇರುತ್ತೆ, ವ್ಯಾಪಾರದವರ ದಿನದಲ್ಲಿ ಏನು ಬದಲಾಗುತ್ತೆ ಅನ್ನೋದು ಇರಲ್ಲ.

'ರಿಯಲ್-ಟೈಮ್ ಏಜಿಂಗ್ ಡ್ಯಾಶ್‌ಬೋರ್ಡ್' ತಗೊಳ್ಳಿ. ಏಜಿಂಗ್ ಅಂದ್ರೆ ಅಕೌಂಟ್ಸ್‌ನವರ ಲೆಕ್ಕ, ಬಾಕಿ ಬಿಲ್‌ಗಳನ್ನ 30 ದಿನದ ಒಳಗಿನವು, 31ರಿಂದ 60, 61ರಿಂದ 90, 90 ದಾಟಿದವು ಅಂತ ವಿಂಗಡಿಸಿ ನೋಡೋದು. ಒಳ್ಳೆ ಫೀಚರ್ರೇ. ಇದರ ಮೇಲೆ 'ಅದ್ರಿಂದ ಏನಾಯ್ತು?' ಅಂತ ಕೇಳ್ತಾ ಹೋಗಿ. ಏಜಿಂಗ್ ಡ್ಯಾಶ್‌ಬೋರ್ಡ್ ಇದೆ, ಅದ್ರಿಂದ? ಯಾರ ಬಾಕಿ ಎಷ್ಟು ಹಳೇದು ಅಂತ ಒಂದೇ ಕಡೆ ಕಾಣುತ್ತೆ. ಅದ್ರಿಂದ? ಇವತ್ತು ಯಾರಿಗೆ ಮೊದಲು ಫೋನ್ ಮಾಡ್ಬೇಕು ಅಂತ ಗೊತ್ತಾಗುತ್ತೆ. ಅದ್ರಿಂದ? ದುಡ್ಡು ಬೇಗ ಬರುತ್ತೆ. ಅದ್ರಿಂದ? ವ್ಯಾಪಾರ ಬೆಳೆಯುತ್ತೆ. ಅದ್ರಿಂದ? ನೆಮ್ಮದಿ.

ಕಾಪಿ ಬರೆಯೋ ಕ್ಲಾಸ್‌ಗಳಲ್ಲಿ ಇದನ್ನ ಕೊನೆತನಕ ಎಳೆಯೋಕೆ ಹೇಳ್ತಾರೆ, ನಾನು ಒಪ್ಪಲ್ಲ. 'ನೆಮ್ಮದಿಯಿಂದ ವ್ಯಾಪಾರ ಮಾಡಿ' ಅಂತ ಬರೆದ್ರೆ ವಾಪಸ್ ಲಕ್ಷಣ 1ಕ್ಕೇ ಬಂದ್ವಿ, ಎಲ್ಲರೂ ಹೇಳೋ ಮಾತು, ಇನ್ಶೂರೆನ್ಸ್‌ನವರೂ ಅದನ್ನೇ ಹೇಳ್ತಾರೆ. ಎಲ್ಲಿ ನಿಲ್ಲಿಸ್ಬೇಕು ಅಂದ್ರೆ, ಆ ವ್ಯಾಪಾರಿ ಕೈಯಲ್ಲಿ ಮಾಡೋ ಒಂದು ಕೆಲಸ ಕಣ್ಣಿಗೆ ಕಾಣೋ ಮೆಟ್ಟಿಲಲ್ಲಿ. ಇಲ್ಲಿ ಅದು 'ಇವತ್ತು ಯಾರಿಗೆ ಫೋನ್ ಮಾಡ್ಬೇಕು' ಅನ್ನೋದು. ಅದನ್ನ ಬರೀರಿ:

> ಇವತ್ತು ಯಾರನ್ನ ಕೇಳ್ಬೇಕು ಅಂತ ಒಂದೇ ನೋಟಕ್ಕೆ
> ಯಾರು ಎಷ್ಟು ಕೊಡಬೇಕು, ಎಷ್ಟು ದಿನ ಆಯ್ತು. ತುಂಬಾ ಹಳೇ ಬಾಕಿ ಎಲ್ಲಕ್ಕಿಂತ ಮೇಲೆ.

ಎರಡನೇ ಬಾಕ್ಸ್ 'ಮಲ್ಟಿ-ಚಾನೆಲ್ ಡನಿಂಗ್ ವರ್ಕ್‌ಫ್ಲೋ'. ಡನಿಂಗ್ ಅಂದ್ರೆ ಬಾಕಿ ಕೇಳೋದು, ಅಷ್ಟೇ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಈ ಬಾಕ್ಸಲ್ಲೇ ಪ್ರಾಡಕ್ಟಿನ ಪೂರ್ತಿ ಬೆಲೆ ಇದೆ, ಆದ್ರೆ ಅದು ಬರೆದೋರಿಗೆ ಕಂಡಿಲ್ಲ. ಬಾಕಿ ಕೇಳೋದು ಸಣ್ಣ ವ್ಯಾಪಾರದವರಿಗೆ ಯಾಕೆ ಕಷ್ಟ? ಟೈಪ್ ಮಾಡೋಕೆ ಟೈಮ್ ಇಲ್ಲ ಅಂತ ಅಲ್ಲ, ಕೇಳೋಕೆ ಮುಜುಗರ. ನಾಳೆ ಮತ್ತೆ ಆರ್ಡರ್ ಕೊಡೋ ಗಿರಾಕಿ, ಮುಖ ಕೊಟ್ಟು ಮಾತಾಡ್ಬೇಕು, ಜೋರು ಮಾಡಿದ್ರೆ ಹೋಗಿಬಿಡ್ತಾನೆ, ಸುಮ್ಮನಿದ್ರೆ ಮರೆತೇಬಿಡ್ತಾನೆ. ಹಾಗಾಗಿ ಅವರಿಗೆ ಬೇಕಿರೋದು ಹತ್ತು ಚಾನೆಲ್ ಅಲ್ಲ, ಮೆಸೇಜಿನ ಮಾತು ಹೇಗಿರುತ್ತೆ ಅಂತ ಗೊತ್ತಾಗೋದು. ಅದನ್ನ ವಿವರಿಸ್ಬೇಡಿ, ಮೆಸೇಜನ್ನೇ ತೋರಿಸಿ:

> ನೀವು ಕೇಳೋ ಹಾಗೇ, ಮರ್ಯಾದೆಯಿಂದ ಕೇಳುತ್ತೆ
> 'ನಮಸ್ಕಾರ, ನಿಮ್ಮ ಬಿಲ್ ನಂಬರ್ 118 ಕೊಡೋ ದಿನ ಮೊನ್ನೆ ಮುಗಿದಿದೆ. ಈಗಾಗಲೇ ಕೊಟ್ಟಿದ್ರೆ ದಯವಿಟ್ಟು ತಿಳಿಸಿ.' ಮಾತು ಬದಲಾಯಿಸೋದು ನಿಮ್ಮ ಕೈಲಿದೆ. ಎಸ್‌ಎಂಎಸ್‌ನಲ್ಲಿ ಅಥವಾ ಇಮೇಲಲ್ಲಿ ಹೋಗುತ್ತೆ.

ಇಂಥ ಮುಜುಗರ ಎಲ್ಲಿದೆ ಅಂತ ಹುಡುಕೋದು ಹೇಗೆ ಅಂದ್ರೆ ಸೇಲ್ಸ್ ಕಾಲ್‌ಗಳನ್ನ ಕೇಳಿ, ಸಪೋರ್ಟ್‌ಗೆ ಬಂದ ಮೆಸೇಜ್ ಓದಿ. 'ಬೇರೆಯವರಿಗೆ ತಪ್ಪಾಗಿ ಹೋಗಲ್ವಾ?', 'ಗಿರಾಕಿಗೆ ನಿಮ್ಮ ಕಂಪನಿ ಹೆಸರು ಕಾಣುತ್ತಾ ನನ್ನ ಹೆಸರು ಕಾಣುತ್ತಾ?' ಅಂತ ಪದೇ ಪದೇ ಕೇಳಿರೋ ಪ್ರಶ್ನೆಗಳು ಸಿಗುತ್ತೆ. ಪೇಜಲ್ಲಿ ಇಲ್ಲದೆ ಇರೋದು ಏನು ಅಂತ ಆ ಪ್ರಶ್ನೆಗಳೇ ಹೇಳ್ತಿರುತ್ತೆ. ಅಂಥ ಕಾಲ್ ಒಂದೂ ಇಲ್ಲ ಅಂದ್ರೆ ಊಹೆ ಮೇಲೆ ಬರೀಬೇಡಿ, ಮೊದಲು ನಾಲ್ಕೈದು ವ್ಯಾಪಾರದವರ ಹತ್ರ ಕೂತು 'ಹೋದ ಸಲ ಬಾಕಿ ಹೇಗೆ ವಸೂಲಿ ಮಾಡಿದ್ರಿ' ಅಂತ ಕೇಳ್ಕೊಂಡು ಬನ್ನಿ. 'ಇಂಥ ಸಾಫ್ಟ್‌ವೇರ್ ಇದ್ರೆ ಬಳಸ್ತೀರಾ' ಅನ್ನೋ ಪ್ರಶ್ನೆ ಕೆಲಸಕ್ಕೆ ಬರಲ್ಲ, ಹೂಂ ಅಂದುಬಿಡ್ತಾರೆ.

## ಲಕ್ಷಣ 3: 'ಇದು ದೊಡ್ಡ ಕಂಪನಿಗಳಿಗೆ ಇರ್ಬೇಕು'

ಇಲ್ಲಿ ಅರ್ಥ ಆಗಿದೆ, ಉಪಯೋಗಾನೂ ಕಂಡಿದೆ, ತಮಗಲ್ಲ ಅಂದ್ಕೊಂಡು ಎದ್ದು ಹೋಗ್ತಿದ್ದಾರೆ. ಇದು ಹೆಡ್‌ಲೈನಿಂದ ಬರೋದು ಕಡಿಮೆ, ಸುತ್ತಮುತ್ತ ಬಿದ್ದಿರೋ ಸಣ್ಣ ಸುಳಿವುಗಳಿಂದ ಬರುತ್ತೆ.

ಮೊದಲು ಸ್ಕ್ರೀನ್‌ಶಾಟ್ ನೋಡಿ, ಇದನ್ನ ಯಾರೂ ಕಾಪಿ ಅಂತ ಎಣಿಸೋದೇ ಇಲ್ಲ. ಅದರಲ್ಲಿ ಸಾವಿರಾರು ಬಿಲ್, ಆರು ಗ್ರಾಫ್, 'ರೀಜನಲ್ ಮ್ಯಾನೇಜರ್' ಅಂತ ಒಂದು ಕಾಲಂ ಇದ್ರೆ, ಒಬ್ಬರೇ ಅಂಗಡಿ ನೋಡ್ಕೊಂಡು ರಾತ್ರಿ ತಾವೇ ಬಿಲ್ ಬರೆಯೋರು ಅಲ್ಲಿಗೇ ಫೋನ್ ಕೆಳಗಿಡ್ತಾರೆ. ಹನ್ನೆರಡು ಗಿರಾಕಿ, ಅದರಲ್ಲಿ ಮೂವರದ್ದು ಬಾಕಿ ಇರೋ ಸ್ಕ್ರೀನ್‌ಶಾಟ್ ಹಾಕಿ. ಆಮೇಲೆ 'ನಿಮ್ಮ ಟೀಮ್', 'ಸ್ಟೇಕ್‌ಹೋಲ್ಡರ್‌ಗಳು', 'ಸಂಸ್ಥೆಯಾದ್ಯಂತ' ಅನ್ನೋದನ್ನ ಹುಡುಕಿ 'ನೀವು' ಮಾಡಿ. ಕೊನೆಗೆ ಬಟನ್. ಬೆಲೆ ಎಲ್ಲೂ ಕಾಣದೆ ಬರೀ 'ರಿಕ್ವೆಸ್ಟ್ ಡೆಮೊ' ಇದ್ರೆ ಜನ ಅದನ್ನ 'ದುಬಾರಿ' ಅಂತಾನೇ ಓದ್ಕೊಳ್ತಾರೆ.

ಇದರ ಉಲ್ಟಾ ದೋಷಾನೂ ನೋಡಿದ್ದೀನಿ. ಸರಳ ಮಾಡ್ತೀವಿ ಅಂತ ಹೋಗಿ ವ್ಯಾಪಾರದವರಿಗೆ ಚೆನ್ನಾಗಿ ಗೊತ್ತಿರೋ ಮಾತನ್ನೂ ತೆಗೆದುಹಾಕಿಬಿಡ್ತಾರೆ. ಲೆಡ್ಜರ್, ಅಡ್ವಾನ್ಸ್, ಕ್ರೆಡಿಟ್ ನೋಟ್, ಸ್ಟಾಕ್ ಇವೆಲ್ಲ ಅವರ ದಿನನಿತ್ಯದ ಮಾತು, ಕ್ರೆಡಿಟ್ ನೋಟನ್ನ 'ವಾಪಸ್ ಚೀಟಿ' ಅಂತ ಬರೆದ್ರೆ ನಗ್ತಾರೆ. ಟೆಕ್ನಿಕಲ್ ಅಲ್ಲದವರು ಅಂದ್ರೆ ಏನೂ ಗೊತ್ತಿಲ್ಲದವರು ಅಂತಲ್ಲ, ಲೆಕ್ಕದಲ್ಲಿ ಅವರು ನಿಮಗಿಂತ ಮುಂದೆ ಇರ್ತಾರೆ. ಅನುಮಾನ ಬಂದ ಪ್ರತಿ ಪದಕ್ಕೂ ಒಂದೇ ಪರೀಕ್ಷೆ: ಆ ಪದ ಅವರು ಕಳಿಸಿದ ಮೆಸೇಜಲ್ಲಿ, ಕಾಲಲ್ಲಿ ಅವರ ಬಾಯಿಂದ ಬಂದಿದ್ಯಾ? ಬಂದಿದ್ರೆ ಇರಲಿ.

## ಲಕ್ಷಣ 4: ಪೂರ್ತಿ ಓದ್ತಾರೆ, ಬಟನ್ ಒತ್ತಲ್ಲ

ಪೇಜಿಗೆ ಬಂದವರ ಲೆಕ್ಕ ಇಡೋ ಅನಲಿಟಿಕ್ಸ್ ಇದ್ರೆ ಇದನ್ನ ನೋಡ್ಬಹುದು. ಕೆಳಗಿನತನಕ ಸ್ಕ್ರಾಲ್ ಆಗಿದೆ, ಒಂದೆರಡು ನಿಮಿಷ ಇದ್ದಾರೆ, ಕ್ಲಿಕ್ ಇಲ್ಲ. ಗೂಗಲ್ ಅನಲಿಟಿಕ್ಸ್ 4 ಬಳಸೋರು ಒಂದು ಎಚ್ಚರ ಇಟ್ಕೊಳ್ಳಿ, ಅದರಲ್ಲಿ 10 ಸೆಕೆಂಡ್ ದಾಟಿದ್ರೆ ಸಾಕು ಆ ಭೇಟಿ 'ಎಂಗೇಜ್ಡ್' ಅಂತ ಲೆಕ್ಕ ಆಗೋದು ಮೊದಲಿಂದ ಇರೋ ಸೆಟ್ಟಿಂಗ್. ಅರ್ಥ ಆಗದೆ ಹೆಡ್‌ಲೈನನ್ನ ಮೂರು ಸಲ ಓದಿದವರೂ ಎಂಗೇಜ್ಡ್‌ನಲ್ಲೇ ಬರ್ತಾರೆ. ಆ ನಂಬರ್ ಜಾಸ್ತಿ ಇದೆ ಅಂತ ಕಾಪಿ ಚೆನ್ನಾಗಿದೆ ಅಂದ್ಕೋಬೇಡಿ.

ಪೂರ್ತಿ ಓದಿ ನಿಂತುಬಿಡೋರಿಗೆ ಬೇಕಾಗಿರೋದು ಹೆಚ್ಚಾಗಿ ಇನ್ನೊಂದು ಕಾರಣ ಅಲ್ಲ, ಒಂದು ಹೆದರಿಕೆಗೆ ಉತ್ತರ. ಒತ್ತಿದ ಮೇಲೆ ಏನಾಗುತ್ತೆ? ಯಾರೋ ದಿನಾ ಫೋನ್ ಮಾಡ್ತಾರಾ? ಇರೋ ಗಿರಾಕಿ ಪಟ್ಟಿನೆಲ್ಲ ಕೂತು ಮತ್ತೆ ಟೈಪ್ ಮಾಡ್ಬೇಕಾ? ಒತ್ತಿದ ತಕ್ಷಣ ಎಲ್ಲರಿಗೂ ಮೆಸೇಜ್ ಹೋಗಿಬಿಡುತ್ತಾ? ಈ ಕೊನೇದು ಬರೆದವರಿಗೆ ಹೊಳೆಯೋದೇ ಇಲ್ಲ, ಓದೋರಿಗೆ ಮಾತ್ರ ನಿಜವಾದ ಭಯ.

ರಿಪೇರಿ ಚಿಕ್ಕದು. ಬಟನ್ ಮೇಲೆ ಒತ್ತಿದ್ರೆ ಏನಾಗುತ್ತೋ ಅದನ್ನ ಬರೀರಿ, ಕೆಳಗೆ ಒಂದು ಸಣ್ಣ ಸಾಲಲ್ಲಿ ಭಯಕ್ಕೆ ಉತ್ತರ ಕೊಡಿ:

> [ಒಂದು ಬಿಲ್ ಹಾಕಿ ನೋಡಿ]
> ನೀವು 'ಶುರು ಮಾಡು' ಒತ್ತೋ ತನಕ ಯಾವ ಗಿರಾಕಿಗೂ ಮೆಸೇಜ್ ಹೋಗಲ್ಲ. ಪಟ್ಟಿ ಎಕ್ಸೆಲ್‌ನಲ್ಲಿದ್ರೆ ಹಾಗೇ ಹಾಕ್ಬಹುದು.

ಆದ್ರೆ ಇದನ್ನ ಬರೆಯೋ ಮುಂಚೆ ನೀವೇ ಹೊಸ ಅಕೌಂಟ್ ತೆಗೆದು ಬಟನ್ ಒತ್ತಿ ನೋಡ್ಬೇಕು. ಬಟನ್ 'ಒಂದು ಬಿಲ್ ಹಾಕಿ' ಅನ್ನುತ್ತೆ, ಒತ್ತಿದ್ರೆ ಹದಿನಾಲ್ಕು ಪ್ರಶ್ನೆಯ ಫಾರ್ಮ್ ತೆರೆಯುತ್ತೆ ಅಂದ್ರೆ ದೋಷ ಫಾರ್ಮ್‌ದು, ಅದನ್ನ ಡೆವಲಪರ್ ಹತ್ರ ತಗೊಂಡು ಹೋಗಿ. ಎಷ್ಟು ಚೆನ್ನಾಗಿ ಬರೆದ್ರೂ ಅದು ಮುಚ್ಚಿಹೋಗಲ್ಲ.

## ಲಕ್ಷಣ 5: ಸೈನ್‌ಅಪ್ ಜಾಸ್ತಿ ಆಯ್ತು, ಬೈಗುಳಾನೂ ಜಾಸ್ತಿ ಆಯ್ತು

ಎಚ್ಚರಿಕೆ ಬೇಕಿರೋದು ಇಲ್ಲೇ, ಯಾಕಂದ್ರೆ ಇದು ಸರಳ ಮಾಡಿದ ಮೇಲೆ ಬರೋ ದೋಷ, ಮೊದಲು ಇರಲಿಲ್ಲ. ಜಾರ್ಗನ್ ಒಳಗೆ ಬಹಳ ಸಲ ಒಂದು ಮಿತಿ ಅಡಗಿರುತ್ತೆ, ಅದನ್ನ ತೆಗೆದಾಗ ಮಿತಿನೂ ಬಿದ್ದುಹೋಗುತ್ತೆ, ಉಳಿಯೋದು ಪೂರ್ತಿ ಭರವಸೆ.

ನಮ್ಮ ಉದಾಹರಣೆಯಲ್ಲಿ ಯಾರೋ ಉತ್ಸಾಹದಲ್ಲಿ 'ದುಡ್ಡು ಬಂದ ತಕ್ಷಣ ಮೆಸೇಜ್ ನಿಲ್ಲುತ್ತೆ' ಅಂತ ಬರೆದ್ರು ಅಂದ್ಕೊಳ್ಳಿ. ಓದೋಕೆ ಚೆಂದ, ಅರ್ಥಾನೂ ಆಗುತ್ತೆ. ಆದ್ರೆ ದುಡ್ಡು ಬಂತು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗೋದು ಹೇಗೆ? ಪೇಮೆಂಟ್ ಲಿಂಕ್ ಮೂಲಕ ಬಂದ್ರೆ ಗೊತ್ತಾಗುತ್ತೆ. ಗಿರಾಕಿ ಕೈಗೇ ನಗದು ಕೊಟ್ಟು ಹೋದ್ರೆ ಗೊತ್ತಾಗಲ್ಲ, ವ್ಯಾಪಾರಿ ತಾನೇ ಹೋಗಿ ಟಿಕ್ ಹಾಕ್ಬೇಕು. ಹಾಕೋಕೆ ಮರೆತ, ಮಾರನೇ ದಿನ ದುಡ್ಡು ಕೊಟ್ಟ ಗಿರಾಕಿಗೇ 'ಬಾಕಿ ಇದೆ' ಅಂತ ಮೆಸೇಜ್ ಹೋಯ್ತು. ಯಾವ ಮುಜುಗರ ತಪ್ಪಿಸ್ತೀವಿ ಅಂತ ಹೆಡ್‌ಲೈನಲ್ಲಿ ಹೇಳಿದ್ವೋ ಅದನ್ನೇ ನಾವು ಮಾಡಿಟ್ವಿ. ಸರಿಯಾದ ಸಾಲು ಸ್ವಲ್ಪ ಉದ್ದ, ಪರವಾಗಿಲ್ಲ:

> ಲಿಂಕಲ್ಲಿ ದುಡ್ಡು ಕಟ್ಟಿದ್ರೆ ಮೆಸೇಜ್ ತಾನಾಗೇ ನಿಲ್ಲುತ್ತೆ. ಕೈಗೆ ಕೊಟ್ಟಿದ್ರೆ ನೀವು ಒಂದು ಟಿಕ್ ಹಾಕಿ, ನಿಲ್ಲುತ್ತೆ.

ಮೂರನೇ ಬಾಕ್ಸ್ 'ಬ್ಯಾಂಕ್-ಗ್ರೇಡ್ ಸೆಕ್ಯೂರಿಟಿ'ನ ಬೇಕಂತಾನೇ ಇಲ್ಲಿತನಕ ಬಿಟ್ಟಿದ್ದೆ. ಆ ಮಾತಿಗೆ ನಿಗದಿಯಾದ ಅರ್ಥ ಯಾವುದೂ ಇಲ್ಲ, ಹಾಗಂತ ಅದನ್ನ 'ನಿಮ್ಮ ಮಾಹಿತಿ 100% ಸೇಫ್' ಅಂತ ಮಾಡಿದ್ರೆ ಇನ್ನೂ ಕೆಟ್ಟದು, ಅಂಥ ಭರವಸೆ ಯಾವ ಕಂಪನಿನೂ ಕೊಡೋಕಾಗಲ್ಲ. ಇಂಜಿನಿಯರ್ ಹತ್ರ ಹೋಗಿ ನಿಜವಾಗಿ ಏನು ಮಾಡಿದ್ದೀರ ಅಂತ ಕೇಳಿ. ಮಾಹಿತಿ ಹೋಗೋ ದಾರಿಯಲ್ಲಿ ಮಾತ್ರ ಎನ್‌ಕ್ರಿಪ್ಟ್ ಆಗುತ್ತೆ ಅಂದ್ರೆ 'ನಾವೂ ನೋಡೋಕಾಗಲ್ಲ' ಅಂತ ಬರೀಬಾರದು. ಅದು ಕಳಿಸಿದವರು, ಪಡೆದವರು ಬಿಟ್ಟು ಮಧ್ಯ ಯಾರೂ ಓದೋಕಾಗದ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್‌ಗೆ ಸಲ್ಲೋ ಮಾತು, ಎರಡೂ ಬೇರೆ ಬೇರೆ. ನಿಮ್ಮ ಸರ್ವರಲ್ಲಿ ಬಿಲ್ ಓದಿ ಮೆಸೇಜ್ ಕಳಿಸ್ತಿದ್ದೀರ ಅಂದ್ರೆ ನಿಮಗೆ ಅದು ಕಾಣುತ್ತೆ ತಾನೇ. ಹೇಳೋಕಾಗೋದು ಇಷ್ಟು: ಗಿರಾಕಿ ಪಟ್ಟಿ ಯಾರಿಗೂ ಮಾರಲ್ಲ, ನೀವು ಬಿಟ್ಟು ಹೋಗೋದಾದ್ರೆ ಪಟ್ಟಿ ಡೌನ್‌ಲೋಡ್ ಮಾಡ್ಕೊಂಡು ಅಕೌಂಟ್ ಅಳಿಸ್ಬಹುದು. ಅದೂ ನಿಜವಾಗಿದ್ರೆ ಮಾತ್ರ.

ಇದೇ ಥರ '99.9% ಅಪ್‌ಟೈಮ್' ಅನ್ನೋದನ್ನ 'ಯಾವತ್ತೂ ನಿಲ್ಲಲ್ಲ' ಅಂತ ಬದಲಾಯಿಸೋರು ಇದ್ದಾರೆ. 99.9% ಅಂದ್ರೆ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ನಿಂತಿರಬಹುದು ಅಂತ ಲೆಕ್ಕ, ತಿಂಗಳಿಗೆ 43 ನಿಮಿಷದ ಹತ್ತಿರ. ನೆನಪಿನ ಮೆಸೇಜ್ ಕಳಿಸೋ ಸಾಫ್ಟ್‌ವೇರ್‌ಗೆ ಅದು ಏನೂ ಅಲ್ಲ, ಹಾಗಾದ್ರೆ ಆ ಸಾಲು ಈ ಪೇಜಲ್ಲಿ ಯಾಕಿರ್ಬೇಕು ಅಂತಾನೇ ಕೇಳ್ಕೊಂಡು ತೆಗೆದುಬಿಡಿ. 'ಎಸ್‌ಒಸಿ 2' ಇದ್ರೆ ಅದನ್ನ 'ಸರ್ಕಾರದಿಂದ ಮಾನ್ಯತೆ' ಅನ್ಬೇಡಿ, ಅದು ಮಾಹಿತಿ ಸುರಕ್ಷತೆ ಬಗ್ಗೆ ಸ್ವತಂತ್ರ ಆಡಿಟರ್ ಕೊಡೋ ವರದಿ. ಬಿಡಿಸಿ ಹೇಳೋಕಾಗದಿದ್ರೆ ಹೆಸರನ್ನ ಹಾಗೇ ಕೆಳಗೆ ಸಣ್ಣಕ್ಷರದಲ್ಲಿ ಇಡಿ, ಬೇಕಾದವರು ಹುಡುಕ್ತಾರೆ.

ದುಡ್ಡು, ಮಾಹಿತಿ ಸುರಕ್ಷತೆ, ಗ್ಯಾರಂಟಿ, ಬಾಕಿ ವಸೂಲಿ ಕಾನೂನು ಈ ನಾಲ್ಕಕ್ಕೆ ತಾಗೋ ಯಾವ ಸಾಲನ್ನೂ ತಿದ್ದಿದ ಮೇಲೆ ನೇರ ಪಬ್ಲಿಷ್ ಮಾಡ್ಬೇಡಿ. ಹಳೇ ಸಾಲು, ಹೊಸ ಸಾಲು ಪಕ್ಕಪಕ್ಕ ಇಟ್ಟು ಮೊದಲು ಅದನ್ನ ಕಟ್ಟಿದ ಇಂಜಿನಿಯರ್‌ಗೆ, ಆಮೇಲೆ ವಕೀಲರಿಗೆ ತೋರಿಸಿ. 'ಇದು ಸುಳ್ಳಾಗೋ ಒಂದು ಸಂದರ್ಭ ಹೇಳಿ' ಅಂತ ಇಂಜಿನಿಯರನ್ನ ಕೇಳಿದ್ರೆ ಐದು ನಿಮಿಷದಲ್ಲಿ ಮೂರು ಹೇಳ್ತಾರೆ, ಅದರಲ್ಲಿ ಒಂದಾದ್ರೂ ಪೇಜಿಗೆ ಬರಲೇಬೇಕಾದ್ದು ಇರುತ್ತೆ.

## ಲಕ್ಷಣ 6: ಎಲ್ಲ ಸರಿ ಮಾಡಿದ್ರೂ ನಂಬರ್ ಅಲ್ಲಾಡ್ತಿಲ್ಲ

ಮೊದಲು, ಅಲ್ಲಾಡಿದ್ದು ಗೊತ್ತಾಗೋಷ್ಟು ಜನ ಬರ್ತಿದ್ದಾರಾ ನೋಡಿ. ಎ/ಬಿ ಟೆಸ್ಟ್ ಹಾಕೋಣ, ಅಂದ್ರೆ ಅರ್ಧ ಜನರಿಗೆ ಹಳೇ ಪೇಜ್, ಅರ್ಧ ಜನರಿಗೆ ಹೊಸ ಪೇಜ್ ತೋರಿಸಿ ಹೋಲಿಸೋಣ ಅಂತ ಎಲ್ಲರೂ ಹೇಳ್ತಾರೆ. ಈಗ 100 ಜನರಲ್ಲಿ 3 ಜನ ಸೈನ್‌ಅಪ್ ಆಗ್ತಿದ್ದಾರೆ, ಅದು 3.6ಕ್ಕೆ ಏರಿದೆಯಾ ಅಂತ ನಂಬಿಕೆಯಿಂದ ಹೇಳೋಕೆ ಒಂದೊಂದು ಆವೃತ್ತಿಗೂ ಸುಮಾರು 13ರಿಂದ 14 ಸಾವಿರ ಜನ ಬೇಕು. ತಿಂಗಳಿಗೆ ಎಂಟುನೂರು ಜನ ಬರೋ ಪೇಜಲ್ಲಿ ಆ ಟೆಸ್ಟ್ ಮುಗಿಯೋ ಹೊತ್ತಿಗೆ ಪ್ರಾಡಕ್ಟೇ ಬೇರೆ ಆಗಿರುತ್ತೆ. ಅಂಥ ಕಡೆ ಟೆಸ್ಟ್ ಬಿಟ್ಟುಬಿಡಿ, ಐದು ಸೆಕೆಂಡ್ ಚೆಕ್ಕನ್ನೇ ಹೊಸ ಐದು ಜನರ ಮೇಲೆ ಮಾಡಿ. ಮೊದಲು ನೋಡಿದವರಿಗೇ ತೋರಿಸಿದ್ರೆ ಲೆಕ್ಕಕ್ಕಿಲ್ಲ, ಅವರಿಗೆ ಉತ್ತರ ಗೊತ್ತಿದೆ. ಇದರ ಜೊತೆ ಡೆಮೊ ಕಾಲಲ್ಲಿ ಮೊದಲ ಪ್ರಶ್ನೆ ಬದಲಾಗಿದ್ಯಾ ಅಂತ ಗಮನಿಸಿ. ಮೊದಲು 'ಇದು ಏನು ಮಾಡುತ್ತೆ' ಅಂತ ಶುರು ಆಗ್ತಿದ್ದ ಕಾಲ್ ಈಗ 'ಗಿರಾಕಿ ವಾಪಸ್ ರಿಪ್ಲೈ ಮಾಡಿದ್ರೆ ನನಗೆ ಬರುತ್ತಾ' ಅಂತ ಶುರು ಆದ್ರೆ ಪೇಜ್ ತನ್ನ ಕೆಲಸ ಮಾಡ್ತಿದೆ, ಸೈನ್‌ಅಪ್ ನಂಬರ್ ಇನ್ನೂ ಏರದೆ ಇದ್ರೂ ಸರಿಯೇ.

ಆಮೇಲೆ, ಬರ್ತಿರೋರು ಯಾರು ಅಂತ ನೋಡಿ. ಜಾಹೀರಾತು ಇನ್ನೂ ಹಳೇ ಭಾಷೆಯಲ್ಲೇ, 'ರಿಸೀವಬಲ್ಸ್ ಆಟೊಮೇಷನ್' ಅಂತಾನೇ ಓಡ್ತಿದ್ರೆ ಅದನ್ನ ಒತ್ತಿ ಬರೋರು ದೊಡ್ಡ ಕಂಪನಿಯ ಫೈನಾನ್ಸ್‌ನವರು, ಅವರಿಗೆ ನಿಮ್ಮ ಹೊಸ ಪೇಜ್ ತೀರಾ ಸರಳ ಅನ್ನಿಸುತ್ತೆ. ಪೇಜ್ ಬದಲಾಯಿಸಿದ ದಿನವೇ ಜಾಹೀರಾತಿನ ಮಾತನ್ನೂ ಬದಲಾಯಿಸ್ಬೇಕು.

ಎರಡೂ ಸರಿ ಇದೆ, ಓದಿದವರು ನಿಮ್ಮ ಸಾಫ್ಟ್‌ವೇರ್ ಏನು ಅಂತ ಸರಿಯಾಗಿ ವಾಪಸ್ ಹೇಳ್ತಿದ್ದಾರೆ, ಆದ್ರೂ 'ನಾನು ಫೋನಲ್ಲೇ ಕೇಳ್ಕೋತೀನಿ ಬಿಡಿ' ಅಂತಾರೆ ಅಂದ್ರೆ ಕಾಪಿ ತಿದ್ದೋದನ್ನ ನಿಲ್ಲಿಸಿ. ಹಾಗಂದ ಪ್ರತಿಯೊಬ್ಬರನ್ನೂ ತಿಂಗಳಲ್ಲಿ ಎಷ್ಟು ಬಿಲ್ ಬಾಕಿ ಉಳಿಯುತ್ತೆ ಅಂತ ಕೇಳಿ ಬರ್ಕೊಳ್ಳಿ. ಎರಡು ಮೂರು ಅಂತ ಬಂದ್ರೆ ಅವರಿಗೆ ನಿಜವಾಗಲೂ ಫೋನೇ ಸಾಕು, ಇಪ್ಪತ್ತು ಮೂವತ್ತು ಇರೋರನ್ನ ಹುಡುಕ್ಕೊಂಡು ಹೋಗ್ಬೇಕು. ಆ ಪಟ್ಟಿ ತಗೊಂಡು ಹೋಗಬೇಕಾಗಿರೋದು ಪ್ರಾಡಕ್ಟ್ ಮತ್ತು ಸೇಲ್ಸ್ ನೋಡ್ಕೊಳ್ಳೋರ ಹತ್ರ.